ಬಿಲ್ಲಿನ ಕೊನೆಯ ಖಾಲಿ ಗೆರೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಪ್ಪ-ಅಮ್ಮಂದಿರು ಹೋಟೆಲಿನಲ್ಲಿ ಊಟ ಮುಗಿಸಿ ಕಾರ್ಡು ಕೊಟ್ಟರೆ, ಸಹಿಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ‘ಟಿಪ್’ ಎಂಬ ಪದದ ಮುಂದೆ ಒಂದು ಖಾಲಿ ಗೆರೆ. ಊಟದ ದುಡ್ಡು ಕೊಟ್ಟಾಯಿತಲ್ಲ, ಇದೇನು ಮತ್ತೆ ಎಂದು ಅಪ್ಪ ಕೇಳುವುದು ಸಹಜವೇ. ಮಗಳು ಮಾತ್ರ ಸದ್ದಿಲ್ಲದೆ ಲೆಕ್ಕ ಹಾಕಿ ಗೆರೆ ತುಂಬುತ್ತಾಳೆ.

ಅವಳು ಮಾಡುವುದೇ ಸರಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಉಳಿದದ್ದು ಗಿರಾಕಿಗಳ ಟಿಪ್ಸಿನಿಂದ ತುಂಬಬೇಕು, ತುಂಬದಿದ್ದರಷ್ಟೇ ಮಾಲೀಕ ಕೊಡಬೇಕು. ಈ 2.13 ಡಾಲರ್ 1991ರಿಂದ ಬದಲಾಗಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾಲೀಕರು ಪೂರ್ತಿ ಕೂಲಿಯನ್ನೇ ಕೊಡಬೇಕು, ಆದರೂ ರೂಢಿ ಅಲ್ಲೂ ಉಳಿದಿದೆ. ಮೇಜಿಗೆ ಬಂದು ಬಡಿಸಿದವರಿಗೆ ತೆರಿಗೆಗೆ ಮುಂಚಿನ ಮೊತ್ತದ ಶೇ. 15ರಿಂದ 20 ಕೊಡುವುದು ವಾಡಿಕೆ. ಕೌಂಟರಿನಲ್ಲಿ ಕಾಫಿಯನ್ನೋ ಪಾರ್ಸೆಲನ್ನೋ ತೆಗೆದುಕೊಳ್ಳುವಾಗ ಪರದೆಯ ಮೇಲೆ ಟಿಪ್ ಕೇಳಿದರೆ ‘No Tip’ ಒತ್ತಲು ಸಂಕೋಚ ಬೇಕಿಲ್ಲ.

ದುಡ್ಡು ಹೋಗುವುದು ಬೇರೆ ಕಡೆ. ಆರೇಳು ಜನ ಒಟ್ಟಿಗೆ ಕೂತರೆ ಅನೇಕ ಹೋಟೆಲುಗಳು ಟಿಪ್ಪನ್ನು ತಾವೇ ಬಿಲ್ಲಿಗೆ ಸೇರಿಸಿಬಿಡುತ್ತವೆ. ಊಟಕ್ಕೆ 200 ಡಾಲರ್, ಶೇ. 8ರ ತೆರಿಗೆ 16, ಸೇರಿಸಿದ ಶೇ. 18 ಅಂದರೆ 36, ಒಟ್ಟು 252 ಡಾಲರ್ ಎಂದುಕೊಳ್ಳಿ. ಇಷ್ಟಾದ ಮೇಲೂ ಚೀಟಿಯಲ್ಲಿ ಆ ಖಾಲಿ ಗೆರೆ ಇದ್ದೇ ಇರುತ್ತದೆ. ಮರ್ಯಾದೆಗೆ ಅಂಜಿ ಒಟ್ಟು ಮೊತ್ತದ ಮೇಲೆ ಇನ್ನೊಂದು ಶೇ. 20 ಬರೆದರೆ 50 ಡಾಲರ್ ಸುಮ್ಮನೆ ಹೋಯಿತು. ಆದ್ದರಿಂದ ಗೆರೆ ತುಂಬುವ ಮುಂಚೆ ಬಿಲ್ಲಿನಲ್ಲಿ ‘Gratuity’ ಅಥವಾ ‘Service Charge’ ಎಂಬ ಸಾಲಿದೆಯೇ ನೋಡಬೇಕು. ‘Gratuity’ ಇದ್ದರೆ ಗೆರೆಯ ಮೇಲೆ ಸೊನ್ನೆ ಬರೆದು, ಕೆಳಗೆ 252 ಎಂದೇ ಬರೆಯಬಹುದು. ‘Service Charge’ ಎಂದಿದ್ದರೆ ಅದು ಬಡಿಸಿದವರಿಗೆ ಸೇರುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಕಾನೂನಿನ ಕಣ್ಣಿನಲ್ಲಿ ಅದು ಹೋಟೆಲಿನ ದುಡ್ಡು.

ಜಪಾನಿನಲ್ಲಿ ಇದೆಲ್ಲ ತಲೆಕೆಳಗು. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಎದ್ದರೆ, ಮರೆತು ಹೋದಿರಿ ಎಂದು ಕೆಲಸದವರು ಹಿಂದೆಯೇ ಓಡಿ ಬಂದು ಕೊಟ್ಟಾರು. ಲಂಡನ್ನಿನ ಬಹಳಷ್ಟು ಬಿಲ್ಲುಗಳಲ್ಲಿ ಶೇ. 12.5 ಸೇರಿರುತ್ತದೆ, ಪಕ್ಕದಲ್ಲೇ ‘ಐಚ್ಛಿಕ’ ಎಂದೂ ಇರುತ್ತದೆ. ಬಡಿಸಿದ ರೀತಿ ಸರಿಯಿಲ್ಲದಿದ್ದರೆ ಅದನ್ನು ತೆಗೆಸಬಹುದು. ಕೊಟ್ಟರೆ, 2024ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕಾನೂನಿನಂತೆ ಅದು ಕೆಲಸದವರಿಗೇ ಸೇರಬೇಕು.

ನಮ್ಮ ಬೆಂಗಳೂರಿನ ದೊಡ್ಡ ರೆಸ್ಟೋರೆಂಟುಗಳ ಬಿಲ್ಲನ್ನೂ ಹೀಗೇ ಓದಬೇಕು. ಸರ್ವೀಸ್ ಚಾರ್ಜ್ ಸರ್ಕಾರದ ತೆರಿಗೆಯಲ್ಲ. ಅದನ್ನು ತಾವಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಅದು ಕಂಡರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.