ಸೋರಿಹೋದ ದೂರವಾಣಿ ಸಂಖ್ಯೆ

ಗುರುತೇ ಇಲ್ಲದವರು ನಮ್ಮ ಹೆಸರು ಹಿಡಿದು ಮೊಬೈಲಿಗೆ ಕರೆಮಾಡಿದಾಗ, ‘ಇವರಿಗೆ ನಮ್ಮ ನಂಬರು ಕೊಟ್ಟವರಾರು?’ ಎಂದು ಬೆರಗಾಗುತ್ತೇವೆ. ಬೆಂಗಳೂರಿನ ಒಂದು ಪ್ರಕರಣವನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಮನೆಗೆ ದಿನಸಿ ತಲುಪಿಸುವ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು 2020ರಲ್ಲಿ ಕಳುವಾದುವು. ದೂರವಾಣಿ ಸಂಖ್ಯೆ, ವಿಳಾಸ, ಹುಟ್ಟಿದ ದಿನಾಂಕ ಎಲ್ಲವೂ ಅದರಲ್ಲಿದ್ದುವು. ಮೊದಲು ಮಾರಾಟಕ್ಕಿಟ್ಟಿದ್ದ ಆ ಪಟ್ಟಿ 2021ರ ಏಪ್ರಿಲಿನಲ್ಲಿ ಕೇಳಿದವರಿಗೆಲ್ಲ ಬಿಟ್ಟಿಯಾಗಿ ದೊರೆಯುವಂತಾಯಿತು.

ಇಂತಹ ಪಟ್ಟಿಯಿಂದ ಒದಗುವ ಸಣ್ಣ ತೊಂದರೆಯೆಂದರೆ ಬೇಡದ ಕರೆಗಳು. 1909ಕ್ಕೆ `START 0` ಎಂದು ಸಂದೇಶ ಕಳಿಸಿದರೆ ನೋಂದಾಯಿತ ವ್ಯಾಪಾರಿಗಳ ಜಾಹೀರಾತು ನಿಲ್ಲುತ್ತದೆ. ಆದರೆ ನಿಯಮಕ್ಕೆ ಹೊರಗಿರುವ ವಂಚಕ ಅದರಿಂದ ನಿಲ್ಲುವುದಿಲ್ಲ.

ದೊಡ್ಡ ಅಪಾಯ ಸಿಮ್ ಬದಲಾವಣೆಯದು. ಪಟ್ಟಿಯಲ್ಲಿ ದೊರೆತ ವಿವರಗಳಿಂದ ಸುಳ್ಳು ಗುರುತುಪತ್ರ ಮಾಡಿಸಿಕೊಂಡ ಕಳ್ಳನು ‘ನನ್ನ ಸಿಮ್ ಕಳೆದಿದೆ’ ಎಂದು ನಮ್ಮ ಸಂಖ್ಯೆಗೆ ಹೊಸ ಸಿಮ್ ಪಡೆಯುತ್ತಾನೆ. ಆ ಕ್ಷಣವೇ ನಮ್ಮ ಸಿಮ್ ಸತ್ತುಹೋಗುತ್ತದೆ. ಇನ್ನು ಬ್ಯಾಂಕಿನ ಒಟಿಪಿ ಹೋಗುವುದು ಅವನ ಕೈಗೆ.

ಇದನ್ನು ತಡೆಯಲೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2022ರಲ್ಲಿ ಒಂದು ನಿಯಮ ಮಾಡಿತು: ಬದಲಾದ ಸಿಮ್ಮಿನಲ್ಲಿ 24 ಗಂಟೆಗಳ ಕಾಲ ಎಸ್ಸೆಮ್ಮೆಸ್ ನಡೆಯದು. ಬುಧವಾರ ಬೆಳಿಗ್ಗೆ 11ಕ್ಕೆ ಸಿಮ್ ಬದಲಾಯಿತೆನ್ನಿ. ಗುರುವಾರ 11ರವರೆಗೆ ಕಳ್ಳನಿಗೆ ಎಸ್ಸೆಮ್ಮೆಸ್ಸಿನ ಒಟಿಪಿ ಬಾರದು. ಕರೆಯ ಮೂಲಕ ಹೇಳುವ ಒಟಿಪಿಗೆ ಮಾತ್ರ ಈ ತಡೆಯಿಲ್ಲ. ಅಂತೂ ನಮಗಿರುವ ಕಾಲಾವಕಾಶ ಆ ಒಂದು ದಿನ.

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳವರು ಇಲ್ಲಿಯೇ ಮೋಸಹೋಗಬಹುದು. ಅಲ್ಲಿ ಸಿಗ್ನಲ್ ಇಲ್ಲದಿರುವುದು ಹೊಸತಲ್ಲವಾದ್ದರಿಂದ ‘ನಾಳೆ ಬಂದೀತು’ ಎಂದು ಸುಮ್ಮನಿರುತ್ತಾರೆ. ಪರೀಕ್ಷೆ ಸುಲಭವಾಗಿದೆ. ಪಕ್ಕದ ಮನೆಯವರ ಅದೇ ಕಂಪನಿಯ ಫೋನಿಗೆ ಸಿಗ್ನಲ್ ಇದೆಯೇ ನೋಡಬೇಕು. ಇದ್ದರೆ, ನಮ್ಮ ಫೋನನ್ನು ಒಮ್ಮೆ ಆರಿಸಿ ಹಚ್ಚಬೇಕು. ಆಗಲೂ ಸಿಗ್ನಲ್ ಬಾರದಿದ್ದರೆ ಅವರ ಫೋನಿನಿಂದ ನಮ್ಮ ಸಂಖ್ಯೆಗೆ ಕರೆಮಾಡಬೇಕು. ನಮ್ಮ ಕೈಯಲ್ಲಿರುವ ಫೋನು ಸುಮ್ಮನಿದ್ದು, ಕರೆ ಬೇರೆಲ್ಲೋ ರಿಂಗಾಗುವಂತೆ ಕೇಳಿಸಿದರೆ ಸಿಮ್ ಬದಲಾಗಿರುವ ಶಂಕೆ ಬಲವಾಯಿತು. ಕೂಡಲೇ ಅದೇ ಫೋನಿನಿಂದ ಸಿಮ್ ಕಂಪನಿಗೆ ತಿಳಿಸಿ ಸಂಖ್ಯೆಯನ್ನು ತಡೆಹಿಡಿಸಬೇಕು. ಬ್ಯಾಂಕಿಗೆ ಹೇಳಿ ಖಾತೆಯ ವ್ಯವಹಾರ ನಿಲ್ಲಿಸಬೇಕು. ಹಣ ಹೋಗಿದ್ದರೆ 1930ಕ್ಕೆ ದೂರು ಕೊಡಬೇಕು.

ಮುಂಜಾಗ್ರತೆಯಾಗಿ ಎರಡು ಕೆಲಸಗಳುಂಟು. ಬ್ಯಾಂಕಿಗೆ ಕೊಟ್ಟ ಸಂಖ್ಯೆಯನ್ನು ಅಂಗಡಿಯ ಬಿಲ್ಲಿಗೂ ಬಹುಮಾನದ ಚೀಟಿಗೂ ಕೊಡದೆ, ಸಾಧ್ಯವಾದರೆ ಅವಕ್ಕೆ ಬೇರೊಂದು ಸಂಖ್ಯೆ ಇಟ್ಟುಕೊಳ್ಳಬೇಕು. ಇಮೇಲಿನ ಎರಡನೆಯ ಬೀಗವನ್ನು ಎಸ್ಸೆಮ್ಮೆಸ್ಸಿಗೆ ಬಿಡದೆ, ಫೋನಿನಲ್ಲೇ ಸಂಕೇತ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪಿಗೆ ವಹಿಸಬೇಕು. ಸಿಮ್ಮಿಗೆ ಪಿನ್ ಹಾಕಿದರೆ ಕದ್ದ ಸಿಮ್ ಬಳಕೆಗೆ ಬಾರದೆಂಬುದು ನಿಜ, ಆದರೆ ಸಿಮ್ ಬದಲಾವಣೆಯನ್ನು ಅದು ತಡೆಯಲಾರದು.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯುಂಟು. ಸೋರಿದ ಸಂಖ್ಯೆಯನ್ನು ಮರಳಿ ತುಂಬಿಕೊಳ್ಳಲಾಗದು. ಆದರೆ ಇಲ್ಲಿ ಊರು ಕೊಳ್ಳೆಹೋಗುವುದಕ್ಕೆ ಇನ್ನೂ ಒಂದು ದಿನವಿರುತ್ತದೆ.