ವರ್ಡ್ ತೆರೆಯದಿದ್ದರೆ ಮೊದಲು ನೋಡಬೇಕಾದ ಫೈಲು

ಮೈಕ್ರೋಸಾಫ್ಟ್ ವರ್ಡ್ ಐಕಾನಿನ ಮೇಲೆ ಎರಡು ಸಲ ಒತ್ತುತ್ತೀರಿ. ವರ್ಡ್ ಎಂಬ ಹೆಸರಿನ ನೀಲಿ ಕಿಟಕಿ ಕಾಣಿಸುತ್ತದೆ, ಬಿಳಿ ಹಾಳೆ ಬರುವ ಮೊದಲೇ ಎಲ್ಲವೂ ಮಾಯವಾಗುತ್ತದೆ. ಕೆಲವೊಮ್ಮೆ ಹಾಳೆ ಬಂದು, ಕರ್ಸರ್ ಮಿಟುಕದೆ ನಿಂತು, ಮೇಲ್ಗಡೆ `Not Responding` ಎಂದು ಬರುತ್ತದೆ. ಕಂಪ್ಯೂಟರ್ ಆರಿಸಿ ಹಾಕಿದರೂ ಅದೇ ಪಾಡು. ಆಫೀಸ್ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕಿಸಿದರೂ ಅದೇ. ಆಗ ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಫಾರ್ಮ್ಯಾಟ್ ಮಾಡಿಸುವುದು. ಫಾರ್ಮ್ಯಾಟ್ ಮಾಡಿದರೆ ವರ್ಡ್ ತೆರೆಯುವುದೂ ನಿಜ. ಆದರೆ ಅಲ್ಲಿ ಗುಣ ಕೊಟ್ಟದ್ದು ಫಾರ್ಮ್ಯಾಟ್ ಅಲ್ಲ, ಅದರ ಜೊತೆಗೆ ಅಳಿಸಿಹೋದ ಒಂದು ಸಣ್ಣ ಫೈಲು. ಅದೊಂದನ್ನೇ ಪಕ್ಕಕ್ಕೆ ಸರಿಸಿದ್ದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು, ಡಿಸ್ಕಿನಲ್ಲಿದ್ದ ಉಳಿದದ್ದೆಲ್ಲ ಇದ್ದಲ್ಲೇ ಇರುತ್ತಿತ್ತು.

ಆ ಫೈಲಿನ ಹೆಸರು `Normal.dotm`. ವರ್ಡ್ ತೋರಿಸುವ ಖಾಲಿ ಹಾಳೆ ನಿಜಕ್ಕೂ ಖಾಲಿಯಲ್ಲ. ಅಂಚು ಎಷ್ಟು, ಅಕ್ಷರ ಯಾವ ಫಾಂಟಿನಲ್ಲಿ, ಸಾಲುಗಳ ನಡುವೆ ಎಷ್ಟು ಜಾಗ, ಶೀರ್ಷಿಕೆ ಹೇಗೆ ಕಾಣಬೇಕು ಎಂಬುದೆಲ್ಲ ಈ ಟೆಂಪ್ಲೇಟಿನಿಂದ ಬರುತ್ತದೆ. ನೀವು ರೆಕಾರ್ಡ್ ಮಾಡಿಟ್ಟ ಮ್ಯಾಕ್ರೊಗಳು, ನೀವೇ ಗೊತ್ತುಮಾಡಿಕೊಂಡ ಕೀಲಿ ಶಾರ್ಟ್‌ಕಟ್‌ಗಳು, ಪದೇ ಪದೇ ಬೇಕಾಗುವ ಒಕ್ಕಣೆಯನ್ನು ಉಳಿಸಿಟ್ಟ ಆಟೋಟೆಕ್ಸ್ಟ್‌ಗಳು ಕೂಡ ಸಾಮಾನ್ಯವಾಗಿ ಇದರೊಳಗೇ ಕೂರುತ್ತವೆ. 2003ರ ವರ್ಡ್‌ವರೆಗೆ ಇದು `Normal.dot` ಆಗಿತ್ತು, 2007ರಿಂದ ಈಗಿನ ಹೆಸರು ಬಂತು. ನೀವು ಯಾವ ಕಡತ ತೆರೆದರೂ ತೆರೆಯದಿದ್ದರೂ, ವರ್ಡ್ ಶುರುವಾಗುವಾಗ ಮೊದಲು ಇದನ್ನು ಓದಲೇಬೇಕು. ಓದುವಾಗ ಎಡವಿತೋ, ಅಲ್ಲೇ ಬಿತ್ತು.

ಮುಖ್ಯವಾದ ಸಂಗತಿ ಇದು ಇರುವ ಜಾಗ. ವರ್ಡ್ ಇರುವುದು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ. ಆದರೆ ನಾರ್ಮಲ್ ಟೆಂಪ್ಲೇಟ್ ಇರುವುದು ವಿಂಡೋಸಿನಲ್ಲಿ ನಿಮ್ಮ ಹೆಸರಿನಲ್ಲಿರುವ ಫೋಲ್ಡರಿನ ಒಳಗೆ, ನಿಮ್ಮ ಸ್ವಂತ ಆಸ್ತಿಯಾಗಿ. ಆಫೀಸನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಬಳಕೆದಾರರ ಸ್ವಂತ ವಸ್ತುಗಳನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಹೊಸದಾಗಿ ಹಾಕಿದ ವರ್ಡ್ ಕೂಡ ಹೋಗಿ ಅದೇ ಕೆಟ್ಟ ಫೈಲನ್ನು ಓದುತ್ತದೆ, ಮತ್ತೆ ಬೀಳುತ್ತದೆ. ಅದೇ ಕಂಪ್ಯೂಟರಿನಲ್ಲಿ ಬೇರೆಯವರ ಹೆಸರಿನಲ್ಲಿ ಲಾಗಿನ್ ಆದರೆ ವರ್ಡ್ ಸಲೀಸಾಗಿ ತೆರೆಯುವುದೂ ಇದೇ ಕಾರಣಕ್ಕೆ.

ಕೆಡುವುದು ಹೇಗೆ? `dotm` ಫೈಲು ಒಳಗಿನಿಂದ ಒಂದು ಜಿಪ್ ಫೈಲು. ಹಲವು ಸಣ್ಣ ಫೈಲುಗಳನ್ನು ಒತ್ತಿ ಒಟ್ಟು ಕಟ್ಟಿರುತ್ತಾರೆ, ಯಾವುದು ಎಲ್ಲಿದೆ ಎಂಬ ಪಟ್ಟಿ ಕಟ್ಟಿನ ಕೊನೆಯಲ್ಲಿರುತ್ತದೆ. ಟೆಂಪ್ಲೇಟಿನಲ್ಲಿ ಏನಾದರೂ ಬದಲಾಗಿದ್ದರೆ ವರ್ಡ್ ಅದನ್ನು ಸಾಮಾನ್ಯವಾಗಿ ಬರೆದಿಡುವುದು ಮುಚ್ಚುವ ಹೊತ್ತಿಗೆ. ಸಂಜೆ ಕೆಲಸ ಮುಗಿಸಿ ವರ್ಡ್ ಮುಚ್ಚಿದ ಕ್ಷಣದಲ್ಲೇ ಕರೆಂಟು ಹೋಯಿತು, ಯುಪಿಎಸ್ ಇಲ್ಲ ಎಂದಿಟ್ಟುಕೊಳ್ಳಿ. ಬರೆಯುವುದು ಅರ್ಧಕ್ಕೆ ನಿಂತು ಕೊನೆಯ ಪಟ್ಟಿ ಬೀಳದೇ ಹೋಗಬಹುದು. ಮರುದಿನ ಬೆಳಿಗ್ಗೆ ವರ್ಡ್ ತೆರೆಯುವುದಿಲ್ಲ. ಇನ್ನೊಂದು ದಾರಿ ಮ್ಯಾಕ್ರೊ ವೈರಸ್. 1995ರ ಕಾನ್ಸೆಪ್ಟ್, 1999ರ ಮೆಲಿಸ್ಸಾ ಎರಡೂ ಈ ಟೆಂಪ್ಲೇಟಿಗೇ ಹೊಕ್ಕವು, ಏಕೆಂದರೆ ಇದರೊಳಗೆ ಸೇರಿಕೊಂಡರೆ ಮುಂದೆ ತೆರೆಯುವ ಪ್ರತಿ ಕಡತಕ್ಕೂ ಹರಡಬಹುದು. ಅಂಥದ್ದನ್ನು ಆಂಟಿವೈರಸ್ ಅರೆಬರೆ ಕಿತ್ತು ಹಾಕಿದಾಗಲೂ ಟೆಂಪ್ಲೇಟ್ ಮುರಿದು ಉಳಿಯುವುದುಂಟು.

ಕೈ ಹಾಕುವ ಮೊದಲು ತಪ್ಪು ಇದರದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಒಂದು ನಿರ್ದಿಷ್ಟ ಕಡತ ತೆರೆದಾಗ ಮಾತ್ರ ವರ್ಡ್ ಬೀಳುತ್ತದೆ, ಬರೀ ವರ್ಡ್ ತೆರೆದರೆ ಸರಿಯಿರುತ್ತದೆ ಎಂದಾದರೆ ಕೆಟ್ಟಿರುವುದು ಆ ಕಡತ, ಟೆಂಪ್ಲೇಟ್ ಅಲ್ಲ. ಬರೀ ವರ್ಡ್ ಕೂಡ ಬೀಳುತ್ತದಾದರೆ ವಿಂಡೋಸ್ ಕೀಲಿ ಮತ್ತು R ಒಟ್ಟಿಗೆ ಒತ್ತಿ, ಬರುವ ಸಣ್ಣ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ:

```
winword /a
```

ಆಡ್-ಇನ್‌ಗಳನ್ನೂ ನಾರ್ಮಲ್ ಟೆಂಪ್ಲೇಟನ್ನೂ ಓದದೆ ಶುರುವಾಗು ಎಂದು ಇದು ವರ್ಡ್‌ಗೆ ಹೇಳುತ್ತದೆ. ಹೀಗೆ ತೆರೆದರೆ ಚೆನ್ನಾಗಿ ತೆರೆದು, ಮಾಮೂಲಿಯಾಗಿ ತೆರೆದರೆ ಬೀಳುತ್ತಿದ್ದರೆ, ವರ್ಡ್ ಆರೋಗ್ಯವಾಗಿದೆ, ಅದು ಓದುವ ಯಾವುದೋ ಒಂದು ವಸ್ತು ಕೆಟ್ಟಿದೆ ಎಂದರ್ಥ. ಕೆಲವೊಮ್ಮೆ ವರ್ಡ್ ತಾನೇ `Word cannot open the existing global template` ಎಂದು ಹೇಳಿ ನಮ್ಮ ಶ್ರಮ ಉಳಿಸುತ್ತದೆ. `/a` ಹಾಕಿದರೂ ಬೀಳುತ್ತಿದ್ದರೆ ಈ ಲೇಖನದ ಮದ್ದು ತಾಗುವುದಿಲ್ಲ. ಆಗ ಪ್ರಿಂಟರ್ ಡ್ರೈವರ್ ಅಥವಾ ಆಫೀಸ್‌ನ ಮೂಲ ಫೈಲುಗಳ ಕಡೆ ನೋಡಬೇಕು.

ತಾಲೂಕು ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ಒಬ್ಬರು ನನಗೆ ಪರಿಚಯ. ವಕಾಲತ್ತು, ಅಫಿಡವಿಟ್, ಕರಾರು ಪತ್ರ, ಎಲ್ಲವೂ ನುಡಿ ಫಾಂಟಿನಲ್ಲಿ. ಅವರ ವರ್ಡ್ ಹೀಗೇ ಕೈಕೊಟ್ಟಾಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಣ್ಣಾ, ಫಾರ್ಮ್ಯಾಟ್ ಮಾಡಿದ್ರೆ ಹಳೇ ಅಫಿಡವಿಟ್‌ಗಳೆಲ್ಲ ಹೋಗ್ತಾವಾ?” `/a` ಹಾಕಿ ನೋಡಲು ಹೇಳಿದೆ, ತೆರೆಯಿತು. ಹಾಗಾಗಿ ಟೆಂಪ್ಲೇಟಿನ ಹೆಸರು ಬದಲಿಸುವ ಕೆಲಸ ಶುರು ಮಾಡಿದೆವು.

ಮೊದಲು ವರ್ಡ್ ಪೂರ್ತಿ ಮುಚ್ಚಿರಬೇಕು. ಬಿದ್ದುಹೋದ ವರ್ಡ್ ಕಣ್ಣಿಗೆ ಕಾಣದಿದ್ದರೂ ಹಿಂದೆ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್ ತೆರೆದು `WINWORD.EXE` ಇದ್ದರೆ ನಿಲ್ಲಿಸಬೇಕು. ಕ್ಲಾಸಿಕ್ ಔಟ್‌ಲುಕ್ ಬಳಸುವವರು ಅದನ್ನೂ ಮುಚ್ಚಬೇಕು, ಅದು ಪತ್ರ ಬರೆಯಲು ವರ್ಡ್‌ನ ಎಡಿಟರನ್ನೇ ಬಳಸುತ್ತದೆ. ಇಷ್ಟು ಮಾಡದಿದ್ದರೆ ಫೈಲು ಬಳಕೆಯಲ್ಲಿದೆ ಎಂದು ವಿಂಡೋಸ್ ಹೆಸರು ಬದಲಿಸಲು ಬಿಡುವುದೇ ಇಲ್ಲ. ಆಮೇಲೆ ವಿಂಡೋಸ್ ಕೀಲಿ ಮತ್ತು R ಒತ್ತಿ ಇದನ್ನು ಟೈಪ್ ಮಾಡಬೇಕು:

```
%appdata%\Microsoft\Templates
```

ಈ ಫೋಲ್ಡರ್ ಮಾಮೂಲಿಯಾಗಿ ಬಚ್ಚಿಟ್ಟುಕೊಂಡಿರುವುದರಿಂದ ಒಂದೊಂದೇ ಫೋಲ್ಡರ್ ತೆರೆಯುತ್ತ ಹುಡುಕಹೊರಟರೆ ಕಾಣದೆ ಹೋಗಬಹುದು, ನೇರ ವಿಳಾಸ ಕೊಡುವುದೇ ಒಳ್ಳೆಯದು. ಅಲ್ಲಿ `Normal` ಅಥವಾ `Normal.dotm` ಕಾಣುತ್ತದೆ. ಅವರ ಕಂಪ್ಯೂಟರಿನಲ್ಲಿ ಅದರ ಗಾತ್ರ ಸೊನ್ನೆ ಕೆಬಿ ಎಂದಿತ್ತು. ಸರಿಯಾದ ಟೆಂಪ್ಲೇಟ್ ಎಂದಿಗೂ ಸೊನ್ನೆ ಇರಲಾರದು, ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಫೈಲನ್ನು ಒಮ್ಮೆ ಒತ್ತಿ, F2 ಒತ್ತಿ, `NormalOld` ಎಂದು ಹೆಸರು ಬದಲಿಸಿದರು. ಕೊನೆಯ `.dotm` ಕಾಣುತ್ತಿದ್ದರೆ ಅದನ್ನು ಹಾಗೇ ಬಿಡಬೇಕು. ಅಳಿಸಿಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ತಪ್ಪು ಬೇರೆಲ್ಲೋ ಇದ್ದರೆ ಹಳೆಯ ಹೆಸರನ್ನೇ ಮತ್ತೆ ಕೊಟ್ಟು ಎಲ್ಲವನ್ನೂ ಮೊದಲಿನಂತೆ ಮಾಡಬಹುದು, ಒಳಗಿನ ಮ್ಯಾಕ್ರೊಗಳು ಮುಂದೆ ಬೇಕಾಗಲೂಬಹುದು.

ವರ್ಡ್ ತೆರೆಯಿತು. ನಾರ್ಮಲ್ ಟೆಂಪ್ಲೇಟ್ ಸಿಗದಿದ್ದರೆ ವರ್ಡ್ ಗಾಬರಿಯಾಗುವುದಿಲ್ಲ. ತನ್ನೊಳಗೆ ಮೊದಲೇ ಇರುವ ಅಳತೆಗಳನ್ನು ತೆಗೆದುಕೊಂಡು ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ. ಫೋಲ್ಡರಿನಲ್ಲಿ ಹೊಸ ಫೈಲು ಕೂಡಲೇ ಕಾಣದಿದ್ದರೆ ವರ್ಡ್ ಒಮ್ಮೆ ಮುಚ್ಚಿ ನೋಡಬೇಕು. ಕೆಟ್ಟ ಫೈಲು ಕಣ್ಣೆದುರು ಇದ್ದರೆ ಅದನ್ನೇ ಓದಲು ಹೆಣಗುವ ವರ್ಡ್, ಅದು ಇಲ್ಲವೇ ಇಲ್ಲ ಎಂದಾಗ ಮಾತ್ರ ಹೊಸದರ ಗೊಡವೆಗೆ ಹೋಗುತ್ತದೆ. ಹೆಸರು ಬದಲಿಸುವ ಉಪಾಯ ನಿಂತಿರುವುದು ಇದರ ಮೇಲೆ.

ಆದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇಲ್ಲೊಂದು ಆಘಾತ ಕಾದಿರುತ್ತದೆ. ಅವರು ಹೊಸ ಹಾಳೆಯಲ್ಲಿ ಎಂದಿನಂತೆ ‘ಕನ್ನಡ’ ಎಂದು ಟೈಪ್ ಮಾಡಿದರೆ ಪರದೆಯ ಮೇಲೆ ಬಂದದ್ದು `PÀ£ÀßqÀ`. ಕನ್ನಡವೇ ಹಾಳಾಯಿತು ಎಂದು ಅವರು ಹೆದರಿದರು. ಹಾಳಾಗಿರಲಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟು ನುಡಿ ಆಗಿದ್ದರೆ ಕನ್ನಡ ಕಾಣುತ್ತದೆ, ಕ್ಯಾಲಿಬ್ರಿ ಆಗಿದ್ದರೆ ಆ ಮೂಲ ಅಕ್ಷರಗಳೇ ಕಾಣುತ್ತವೆ. `Nudi 01 e` ಫಾಂಟನ್ನು ಡಿಫಾಲ್ಟ್ ಮಾಡಿದ್ದ ಸಂಗತಿ ಹಳೆಯ ಟೆಂಪ್ಲೇಟಿನಲ್ಲಿತ್ತು, ಅದರ ಜೊತೆಗೇ ಹೋಯಿತು. Ctrl ಮತ್ತು D ಒತ್ತಿ, ನುಡಿ ಫಾಂಟು ಮತ್ತು ಅಳತೆ ಆರಿಸಿ, ಕೆಳಗಿನ `Set As Default` ಒತ್ತಿ, ನಾರ್ಮಲ್ ಟೆಂಪ್ಲೇಟಿನಿಂದ ಹುಟ್ಟುವ ಎಲ್ಲ ಕಡತಗಳಿಗೂ ಎಂಬ ಆಯ್ಕೆ ಕೊಟ್ಟರೆ ಮುಗಿಯಿತು. ಯೂನಿಕೋಡಿನಲ್ಲಿ ಟೈಪ್ ಮಾಡುವವರಿಗೆ ಈ ತೊಂದರೆಯಿಲ್ಲ. ಫಾಂಟು ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ, ಅಕ್ಷರದ ರೂಪ ಮಾತ್ರ ಬೇರೆಯಾಗುತ್ತದೆ.

ಅವರ ಹಳೆಯ ಅಫಿಡವಿಟ್‌ಗಳಿಗೆ ಏನೂ ಆಗಲಿಲ್ಲ. ಪ್ರತಿ ಕಡತವೂ ಹುಟ್ಟುವಾಗಲೇ ಟೆಂಪ್ಲೇಟಿನಿಂದ ತನಗೆ ಬೇಕಾದ ಫಾಂಟು, ಅಂಚು, ಶೈಲಿಗಳನ್ನು ನಕಲು ಮಾಡಿಕೊಂಡು ತನ್ನೊಳಗೆ ಇಟ್ಟುಕೊಂಡಿರುತ್ತದೆ. `Automatically update document styles` ಎಂಬ ಆಯ್ಕೆಗೆ ಗುರುತು ಹಾಕಿದ ಕಡತಗಳು ಮಾತ್ರ ತೆರೆದಾಗಲೆಲ್ಲ ಟೆಂಪ್ಲೇಟನ್ನು ಕೇಳುತ್ತವೆ, ಅವುಗಳ ರೂಪ ಬದಲಾಗಬಹುದು. ನೀವು ನಿಘಂಟಿಗೆ ಸೇರಿಸಿದ ಪದಗಳು, ಆಟೋಕರೆಕ್ಟ್‌ನ ಸಾದಾ ಪದಗಳು ಬೇರೆ ಫೈಲುಗಳಲ್ಲಿರುವುದರಿಂದ ಅವೂ ಸುರಕ್ಷಿತ.

ಕಳೆದುಹೋಗುವುದು ಮ್ಯಾಕ್ರೊ, ಶೈಲಿ, ಶಾರ್ಟ್‌ಕಟ್, ಆಟೋಟೆಕ್ಸ್ಟ್. ಹಳೆಯ ಫೈಲು ಸೊನ್ನೆ ಕೆಬಿ ಆಗಿದ್ದರೆ ತರಲು ಏನೂ ಇಲ್ಲ. ಸ್ವಲ್ಪ ಮಾತ್ರ ಕೆಟ್ಟಿದ್ದರೆ ಶೈಲಿ ಮತ್ತು ಮ್ಯಾಕ್ರೊಗಳನ್ನು ಹೊಸದಕ್ಕೆ ದಾಟಿಸಬಹುದು. Alt ಮತ್ತು F8 ಒತ್ತಿ `Organizer` ತೆರೆಯಿರಿ. ಒಂದು ಕಡೆ ಹೊಸ ನಾರ್ಮಲ್ ಇರುತ್ತದೆ, ಇನ್ನೊಂದು ಕಡೆ `Close File` ಒತ್ತಿ, ಬಳಿಕ `Open File` ಒತ್ತಿ `NormalOld.dotm` ಆರಿಸಿ, ಬೇಕಾದದ್ದನ್ನು ಒಂದೊಂದಾಗಿ ನಕಲು ಮಾಡಿ. ಎಲ್ಲವನ್ನೂ ಒಟ್ಟಿಗೆ ತಂದರೆ ಕೆಟ್ಟದ್ದೂ ಜೊತೆಗೆ ಬರಬಹುದು. ಒಂದಿಷ್ಟು ತಂದು, ವರ್ಡ್ ಮುಚ್ಚಿ ತೆರೆದು ನೋಡಿ, ಆಮೇಲೆ ಮುಂದಿನದು.

ಹೆಸರು ಬದಲಿಸಿದ ಮೇಲೂ ವರ್ಡ್ ಬೀಳುತ್ತಿದ್ದರೆ, ಅಥವಾ ಹೊಸ ಟೆಂಪ್ಲೇಟ್ ಮತ್ತೆ ಮತ್ತೆ ಕೆಡುತ್ತಿದ್ದರೆ, ಅನುಮಾನ ಆಡ್-ಇನ್‌ಗಳ ಮೇಲೆ ತಿರುಗಬೇಕು. `%appdata%\Microsoft\Word\STARTUP` ಫೋಲ್ಡರಿನಲ್ಲಿರುವ ಫೈಲುಗಳನ್ನು ಡೆಸ್ಕ್‌ಟಾಪಿಗೆ ಸರಿಸಿ ವರ್ಡ್ ತೆರೆದು ನೋಡಿ. ಮುಚ್ಚುವಾಗಲೆಲ್ಲ ನಾರ್ಮಲ್ ಟೆಂಪ್ಲೇಟಿನ ಬದಲಾವಣೆ ಉಳಿಸಬೇಕೇ ಎಂದು ವರ್ಡ್ ಕೇಳುತ್ತಿದ್ದರೆ, ನೀವು ಏನೂ ಮುಟ್ಟದಿದ್ದರೂ ಯಾವುದೋ ಆಡ್-ಇನ್ ಅದಕ್ಕೆ ಕೈ ಹಾಕುತ್ತಿರುವ ಸಾಧ್ಯತೆ ಹೆಚ್ಚು. ಫಾಂಟು, ಮ್ಯಾಕ್ರೊ ಎಲ್ಲ ಸರಿಹೊಂದಿಸಿಕೊಂಡ ಮೇಲೆ ವರ್ಡ್ ಮುಚ್ಚಿ, `Normal.dotm`ನ ಒಂದು ನಕಲನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮುಂದೆ ಕೆಟ್ಟರೆ ಖಾಲಿಯಿಂದ ಶುರು ಮಾಡದೆ, ಆ ನಕಲನ್ನೇ ತಂದು ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ಹಾಕಬಹುದು.