ಸ್ಪ್ಯಾನಿಷ್ ಭಾಷೆಯಲ್ಲಿ ಎರಡು ‘ಬಹಳ’

ಬಹಳ ದೊಡ್ಡ ಮನೆ, ಬಹಳ ಮನೆಗಳು, ಬಹಳ ದುಡಿಯುತ್ತಾನೆ: ಮೂರು ಕಡೆಯೂ ನಮಗೆ ‘ಬಹಳ’ ಎಂಬ ಒಂದೇ ಮಾತು ಸಾಕು. ಸ್ಪ್ಯಾನಿಷ್ ಕಲಿಯುವ ಕನ್ನಡಿಗನು ಎಡವುವುದು ಇಲ್ಲಿಯೇ.

ಗುಣವಾಚಕದ ಮುಂಚೆಯೂ ಕ್ರಿಯಾವಿಶೇಷಣದ ಮುಂಚೆಯೂ ‘ಮುಯ್’ ಬರುತ್ತದೆ. ಅದರ ರೂಪ ಎಂದೂ ಬದಲಾಗದು. ‘ಮುಯ್ ಗ್ರಾಂದೆ’ ಎಂದರೆ ಬಹಳ ದೊಡ್ಡದು. ನಾಮಪದದ ಮುಂಚೆ ‘ಮುಚೊ’ ಬರಬೇಕು. ಹಿಂದಿ, ಮರಾಠಿಗಳಂತೆ ಅಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವುಂಟಾದ್ದರಿಂದ, ‘ಮುಚೊ’ ಲಿಂಗವಚನಗಳಿಗೆ ತಕ್ಕಂತೆ ಮಾರ್ಪಡುತ್ತದೆ: ‘ಮುಚೊ ತ್ರಬಾಹೊ’ ಬಹಳ ಕೆಲಸ, ‘ಮುಚಾಸ್ ಕಾಸಾಸ್’ ಬಹಳ ಮನೆಗಳು. ಕ್ರಿಯಾಪದದ ಬಳಿಕ ಬಂದಾಗ ಮಾತ್ರ ಅದೂ ಬದಲಾಗದು. ‘ತ್ರಬಾಹಾ ಮುಚೊ’ ಎಂದರೆ ಬಹಳ ದುಡಿಯುತ್ತಾನೆ. ದುಡಿಯುವವಳು ಹೆಂಗಸಾದರೂ ಮಾತು ಅದೇ.

‘ಬಹಳ ಹಸಿವಾಗಿದೆ’ ಎನ್ನುವುದು ಹೇಗೆ? ‘ತೆಂಗೊ ಮುಯ್ ಆಂಬ್ರೆ’ ಎಂದರೆ ತಪ್ಪು. ‘ಆಂಬ್ರೆ’ ಎಂಬುದು ‘ಹಸಿದ’ ಎಂಬ ಗುಣವಾಚಕವಲ್ಲ, ‘ಹಸಿವು’ ಎಂಬ ನಾಮಪದ, ಅದೂ ಸ್ತ್ರೀಲಿಂಗ. ಆದ್ದರಿಂದ ‘ತೆಂಗೊ ಮುಚಾ ಆಂಬ್ರೆ’ ಎನ್ನಬೇಕು.

ನಮ್ಮ ‘ಅಷ್ಟು’ ಎಂಬುದಕ್ಕೂ ಇದೇ ಕಟ್ಟಳೆ. ‘ತಾನ್ ಗ್ರಾಂದೆ’ ಅಷ್ಟು ದೊಡ್ಡದು, ‘ತಾಂತಾಸ್ ಕಾಸಾಸ್’ ಅಷ್ಟು ಮನೆಗಳು, ‘ತ್ರಬಾಹಾ ತಾಂತೊ’ ಅಷ್ಟು ದುಡಿಯುತ್ತಾನೆ.

ಒಂದು ಅಪವಾದವನ್ನು ಮರೆಯಬಾರದು. ‘ಮೆಹೋರ್’ ಎಂದರೆ ‘ಹೆಚ್ಚು ಒಳ್ಳೆಯದು’. ಹೋಲಿಕೆ ಅದರೊಳಗೇ ಅಡಗಿದೆ. ಅಂಥ ಮಾತಿನ ಮುಂಚೆ ‘ಮುಯ್’ ನಿಲ್ಲದು. ‘ಮುಚೊ ಮೆಹೋರ್’ ಎಂದೇ ಹೇಳಬೇಕು.